ಗದೆ ಹಿಡಿದ ಹನ್ನೊಂದು ಮಂದಿ

ಲೋಕಾಪುರದಲ್ಲಿ ಟೆನಿಸ್ ಬಾಲ್ ಟೂರ್ನಿ ಬಂತೆಂದರೆ ಎಲ್ಲ ಓಣಿಯ ಹುಡುಗರಿಗೂ ಕಾಡುಪ್ರಾಣಿಗಳೇ ನೆನಪಾಗುತ್ತವೆ. ಸುತ್ತ ಇರುವುದು ಕಬ್ಬು ಮತ್ತು ಸುಣ್ಣಕಲ್ಲು. ತಂಡದ ಹೆಸರು ಮಾತ್ರ ಟೈಗರ್ಸ್, ಲಯನ್ಸ್, ಪ್ಯಾಂಥರ್ಸ್. ಒಮ್ಮೆ ಎರಡು ಟೈಗರ್ಸ್ ಎದುರುಬದುರಾಗಿ, ಮೈಕ್ ಹಿಡಿದವ “ಟೈಗರ್ಸ್ ಬಾಲಿಂಗಿಗೆ ಟೈಗರ್ಸ್ ಔಟ್” ಎಂದು ಕೂಗಿದ. ಅರ್ಧ ಮೈದಾನ ಚಪ್ಪಾಳೆ ಹೊಡೆಯಿತು, ಉಳಿದರ್ಧ ಯಾಕೆ ಹೊಡೆದಿರೆಂದು ಕೇಳಿತು.

ಹಾಗಾಗಿ ನಮ್ಮ ಓಣಿ ಹೊಸ ಹೆಸರು ಹುಡುಕಲು ಚಹಾದಂಗಡಿಯಲ್ಲಿ ಕೂತಿತು. ಹೆಸರಿನ ಮೊದಲ ಪರೀಕ್ಷೆ ಮೈಕು. ನಾಲ್ಕು ಪದದ ಯುವಕ ಸಂಘ ಎರಡನೇ ಓವರಿನಷ್ಟೊತ್ತಿಗೆ ಬರೀ ‘ಸಂಘ’ ಆಗಿಬಿಡುತ್ತದೆ. ಎರಡನೆಯದು ಜರ್ಸಿ: ಎದೆಯ ಮೇಲೆ ಉದ್ದದ ಹೆಸರು ಹಿಡಿಸಿದರೆ ಅಕ್ಷರ ಸಣ್ಣದಾಗುತ್ತದೆ, ಬೌಂಡರಿಯಲ್ಲಿ ನಿಂತವನ ತಂಡ ಯಾವುದೆಂದು ಅವನ ಅವ್ವನಿಗೂ ತಿಳಿಯುವುದಿಲ್ಲ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ಸೋತ ದಿನ ಆ ಹೆಸರು ಹೇಗೆ ಕೇಳಿಸೀತು?

“ಮುಧೋಳ ಹೌಂಡ್ಸ್ ಅಂತ ಇಡೋಣಲ್ಲ” ಎಂದ ಒಬ್ಬ. ಮಾತಿನಲ್ಲಿ ತೂಕವಿತ್ತು. ನಮ್ಮ ತಾಲೂಕಿನ ಬೇಟೆನಾಯಿ ಓಟಕ್ಕೆ ಹೆಸರುವಾಸಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು. ಒಂದು ರನ್ ಇದ್ದಲ್ಲಿ ಎರಡು ಕದಿಯುವ ತಂಡಕ್ಕೆ ಇದಕ್ಕಿಂತ ಹೆಸರು ಬೇಕೇ? ಆದರೆ ವಿಕೆಟ್ ಕೀಪರ್ ಒಪ್ಪಲಿಲ್ಲ. “ಗೆದ್ರ ಹೌಂಡ್ಸ್ ಅಂತಾರಲೇ. ಸೋತ್ರ ಏನಂತಾರ, ಅದನ್ ಹೇಳು.” ಯಾರೂ ಹೇಳಲಿಲ್ಲ. ಮೂಲೆಯಲ್ಲಿದ್ದ ಸಣ್ಣವನೊಬ್ಬ ಬೊಗಳಿ ತೋರಿಸಿದ.

ಅಷ್ಟರಲ್ಲಿ ಗೊಬ್ಬರದ ಅಂಗಡಿ ಕಾಕಾ ಬಂದರು. ಜರ್ಸಿಯ ಖರ್ಚು ಅವರದು, ಆದ್ದರಿಂದ ಹೆಸರೂ ತಮ್ಮದೇ ಇರಬೇಕೆಂಬ ಆಸೆಯೂ ಅವರದು. ಅವರ ವಾದ ಬಲವಾಗಿತ್ತು. “ಬೆಂಗಳೂರಿನ ಟೀಮಿಗೆ ವಿಸ್ಕಿ ಹೆಸರು ಇಟ್ಟಾರ. ಚೆನ್ನೈ ಟೀಮ್ ಕೊಂಡಾಂವ ಸಿಮೆಂಟಿನಾಂವ. ಯೂರಿಯಾ ಏನ್ ಪಾಪ ಮಾಡೇತ್ರೋ?” ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ‘ಗೊಬ್ಬರ ಇಲೆವನ್’ ಎಂದು ಬರೆದ ಅಂಗಿ ತೊಟ್ಟು ಮದುವೆಗೆ ಹೆಣ್ಣು ಕೇಳಲು ಹೋಗುವುದು ಹೇಗೆ ಎಂದು ಆರಂಭಿಕ ಬ್ಯಾಟ್ಸ್‌ಮನ್ ಚಿಂತೆಗೆ ಬಿದ್ದ.

ಬಿಕ್ಕಟ್ಟು ಬಿಡಿಸಿದವರು ನಿವೃತ್ತ ಕನ್ನಡ ಮಾಸ್ತರು. “ಪಕ್ಕದ ಬೆಳಗಲ್ಯಾಗ ರನ್ನ ಹುಟ್ಯಾನ, ನೀವು ಆಫ್ರಿಕಾದ ಸಿಂಹ ತರ್ತೀರಿ” ಎಂದು ಶುರು ಮಾಡಿದರು. ರನ್ನನಿಗೂ ಇದೇ ಪೇಚಿತ್ತಂತೆ. ಅವನ ಆಶ್ರಯದಾತ ಚಾಲುಕ್ಯರ ಸತ್ಯಾಶ್ರಯ. ಅವನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮ ವಿಜಯ’ ಎಂದು ಹೆಸರಿಟ್ಟು ಕಾವ್ಯ ಬರೆದ. ಪ್ರಾಯೋಜಕ ಖುಷಿ. ಜನ ಮಾತ್ರ ಅದನ್ನು ‘ಗದಾಯುದ್ಧ’ ಎಂದೇ ಕರೆದರು, ಓದಿ ಮುಗಿಸುವಾಗ ಮರುಗಿದ್ದು ಸೋತ ದುರ್ಯೋಧನನಿಗೆ. “ಸೋತಾಂವಗೂ ಮರ್ಯಾದಿ ಉಳಸೋ ಹೆಸರು ಇದ್ರ ಇದೊಂದ ನೋಡ್ರಪಾ” ಎಂದರು ಮಾಸ್ತರು.

ಬ್ಯಾಟನ್ನು ಹೆಗಲ ಮೇಲಿಟ್ಟರೆ ಗದೆಯೇ ಸೈ. ಭೀಮ ತೊಡೆಗೆ ಹೊಡೆದದ್ದು ನಿಯಮ ಮೀರಿ ಎಂದು ಯುಗಯುಗದ ತಕರಾರಿದೆ. ನಮ್ಮ ಟೂರ್ನಿಯಲ್ಲಿ ಎಲ್‌ಬಿಡಬ್ಲ್ಯೂ ಇಲ್ಲ, ತೊಡೆಗೆ ಎಷ್ಟು ಬಡಿದರೂ ತಕರಾರಿಲ್ಲ. ‘ಗದಾ ಬಾಯ್ಸ್’ ಎಂದು ಆಗಲೇ ನಿಶ್ಚಯವಾಗುತ್ತಿತ್ತು. ಆದರೆ ಮೈಕಿನವನಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲ. ಪರೀಕ್ಷೆಗೆಂದು ಕೂಗಿಸಿದೆವು. “ಗಧಾ ಬಾಯ್ಸ್!” ಎಂದ. ಹಿಂದಿ ಬಲ್ಲ ಬೌಲರ್ ಕತ್ತೆಯ ಹಾಗೆ ಅರಚಿ ಅರ್ಥ ಹೇಳಿದ.

ಕೊನೆಗೆ ಉಳಿದದ್ದು ಕವಿಯ ಹೆಸರೇ: ‘ರನ್ನ ಇಲೆವನ್’. ಮೈಕಿಗೆ ಚಿಕ್ಕದು, ಎದೆಗೆ ಹಿಡಿಸುತ್ತದೆ, ಅದರೊಳಗೇ ‘ರನ್’ ಕೂತಿದೆ. ಎದುರಾಳಿಗಳು “ರನ್... ನ!” ಎಂದು ಎಳೆದು, ರನ್ನೇ ಇಲ್ಲ ಎಂದು ಕಾಡಿಸುತ್ತಾರೆಂಬುದೂ ನಮಗೆ ಗೊತ್ತಿತ್ತು. ಕಾಡಿಸಲಿ, ಎದುರಾಳಿಗೆ ತಿರುಚಲು ಒಂದಿಷ್ಟು ಜಾಗ ಬಿಡದ ಹೆಸರು ಓಣಿಯ ಟೂರ್ನಿಯಲ್ಲಿ ಎರಡು ದಿನವೂ ಬಾಳುವುದಿಲ್ಲ. ನಾಯಕನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದೂ ಪುಕ್ಕಟೆ ಸಿಕ್ಕಿತು, ರನ್ನನದೇ. ಮೈದಾನದಲ್ಲಿ ಅವನ ಬಾಯಿಂದ ಬರುವ ಪದಗಳು ಮಾತ್ರ ಯಾವ ಕಾವ್ಯದಲ್ಲೂ ಇಲ್ಲ.

ಕಾಕಾನ ಅಂಗಡಿ ಬೆನ್ನಿಗೆ ಹೋಯಿತು. “ಫೀಲ್ಡಿಂಗಿನಾಗ ನಿಮ್ಮ ಹುಡುಗ್ರು ಬಾಲ್ ಹಿಂದ ಓಡೋದ ಜಾಸ್ತಿ, ಮಂದಿಗೆ ಬೆನ್ನ ಕಾಣ್ತೇತಿ” ಎಂದು ಅವರೂ ಸಮಾಧಾನಗೊಂಡರು.

ಅಂದಹಾಗೆ, ಮುಧೋಳ ಹೌಂಡ್ಸ್ ಹೆಸರು ನಮ್ಮ ಟೂರ್ನಿಯಲ್ಲಿ ಇನ್ನೂ ಖಾಲಿ ಇದೆ. ಬೊಗಳಿಸಿಕೊಳ್ಳುವ ಧೈರ್ಯವಿದ್ದ ಓಣಿಯವರು ಟೈಗರ್ಸ್ ಬಿಟ್ಟು ಅದನ್ನು ಬರೆಸಬೇಕೆಂದು ವಿನಂತಿ.