ಬಾಯಿಪಾಠದ ತಪ್ಪೇನು?

“ಮೇಷ್ಟ್ರೇ, ಇದನ್ನ ಒಂಚೂರು ನೋಡಿ,” ಅಂತ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಫೋನ್ ಚಾಚಿದರು. ಬೆರಳಲ್ಲಿ ಸರಿಸಿದರೆ ಒಂದಾದ ಮೇಲೊಂದು ಚಿತ್ರ. ಎಡಕ್ಕೆ ಕೆಂಪು ಬಣ್ಣದಲ್ಲಿ ಬಾಯಿಪಾಠ, ಬಲಕ್ಕೆ ಹಸಿರಲ್ಲಿ ಬಿಡುವು ಕೊಟ್ಟು ಮತ್ತೆ ಮತ್ತೆ ಓದೋದು. “ಇದನ್ನ ನೋಡಿದಾಗಿನಿಂದ ನಮ್ಮ ಹುಡುಗಿ ಇನ್ಮೇಲೆ ಬಾಯಿಪಾಠ ಮಾಡಲ್ಲ ಅಂತಾಳೆ. ಎಸ್ಸೆಸ್ಸೆಲ್ಸಿ ಬೇರೆ.”

“ಜೋಡಿನೇ ತಪ್ಪಾಗಿದೆ, ತಾಯಿ. ಬಾಯಿಪಾಠ ಅನ್ನೋದು ಹೇಗೆ ಕಲೀತೀವಿ ಅನ್ನೋದರ ಮಾತು. ಬಿಡುವು ಅನ್ನೋದು ಯಾವಾಗ ಕಲೀತೀವಿ ಅನ್ನೋದರ ಮಾತು. ಬಿಡುವಿಗೆ ಎದುರಾಳಿ ಬಾಯಿಪಾಠ ಅಲ್ಲ, ಪರೀಕ್ಷೆ ಹಿಂದಿನ ರಾತ್ರಿ ಒಂದೇ ಸಮ ಕೂತು ಓದೋದು. ಬೇಕಾದ್ರೆ ನಿಮ್ಮ ಯಜಮಾನರನ್ನೇ ಕೇಳಿ.”

ಯಜಮಾನರು ಶಿಲ್ಪಿ. ನಮ್ಮ ಶಿವಾರಪಟ್ಟಣದಲ್ಲಿ ಉಳಿಯ ಸದ್ದಿಲ್ಲದ ಬೀದಿ ಕಡಿಮೆ. ಅವರು ಉಳಿ ಕೆಳಗಿಟ್ಟು, ನವತಾಳದ ಅಳತೆಯನ್ನ ತಡವರಿಸದೆ ಹೇಳಿಬಿಟ್ಟರು: ಮುಖ 12 ಅಂಗುಲ, ಕುತ್ತಿಗೆ 4, ಕುತ್ತಿಗೆಯಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕೆಳಹೊಟ್ಟೆಗೆ 12, ತೊಡೆ 24, ಮಂಡಿ 4, ಮೊಣಕಾಲ ಕೆಳಗೆ 24, ಪಾದ 4. ಕೂಡಿದರೆ 108. “ಇದು ಬಾಯಿಪಾಠನೇ ಮೇಷ್ಟ್ರೇ. ಆದ್ರೆ ಒಂದೇ ದಿನ ನೂರು ಸಲ ಹೇಳಿ ಕಲಿತಿದ್ದಲ್ಲ. ಹೊಸ ಕಲ್ಲಿಗೆ ಗೆರೆ ಹಾಕುವಾಗಲೆಲ್ಲ ಪುಸ್ತಕ ನೋಡದೆ ನೆನಪು ಮಾಡ್ಕೋಬೇಕು. ತಪ್ಪಿದ್ರೆ ಗೆರೆಯಲ್ಲೇ ಗೊತ್ತಾಗುತ್ತೆ.”

ಇದರಲ್ಲಿ ಎರಡು ಸಂಗತಿ ಕೂಡಿವೆ. ನಡುವೆ ದಿನಗಳ ಅಂತರ ಇದೆ, ಪುಸ್ತಕ ಮುಚ್ಚಿಟ್ಟು ನೆನಪನ್ನ ಎಳೆದು ತರೋದೂ ಇದೆ. ಎರಡನೇದರ ಬಗ್ಗೆ ರೋಡಿಗರ್, ಕಾರ್ಪಿಕೆ ಅನ್ನೋ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಪಾಠದ ಒಂದು ಭಾಗವನ್ನ ಎರಡು ಸಲ ಓದಿದರು. ಇನ್ನೊಂದನ್ನ ಒಮ್ಮೆ ಓದಿ, ಆಮೇಲೆ ನೋಡದೆ ಬರೆದರು. ಐದು ನಿಮಿಷ ಕಳೆದು ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು: ನೂರಕ್ಕೆ 81, ಬರೆದಿದ್ದು 75. ವಾರ ಕಳೆದ ಮೇಲೆ ಓದಿದ್ದು 42ಕ್ಕೆ ಇಳಿದಿತ್ತು, ನೋಡದೆ ಬರೆದಿದ್ದು 56ರಲ್ಲಿ ನಿಂತಿತ್ತು. ಮಕ್ಕಳು ಮೋಸ ಹೋಗೋದು ಆ ಐದು ನಿಮಿಷದಲ್ಲೇ. ಪುಟ ಪರಿಚಿತ ಅನ್ನಿಸುತ್ತೆ, ಬಂತು ಅಂದುಕೊಂಡು ಪುಸ್ತಕ ಮಡಚಿಬಿಡ್ತಾರೆ.

ಅಷ್ಟು ಹೊತ್ತಿಗೆ ಹುಡುಗಿ ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಬಂದಳು. “ಮಂಗಳೂರು ಒಪ್ಪಂದ, ಶ್ರೀರಂಗಪಟ್ಟಣ ಒಪ್ಪಂದ, ಎರಡೂ ಅದಲುಬದಲಾಗ್ತವೆ ಸಾರ್. ದಿನಾ ಓದ್ತೀನಿ, ಆದ್ರೂ.”

“ಹಾಗಾದ್ರೆ ಇನ್ನೂ ಹತ್ತು ಸಲ ಓದಿದ್ರೂ ಪ್ರಯೋಜನ ಇಲ್ಲ ಮಗಾ. ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹಿಡಿ. 1784ರಲ್ಲಿ ಮಂಗಳೂರು. ಅಲ್ಲಿ ಟಿಪ್ಪು ಸೋತಿರಲಿಲ್ಲ, ಗೆದ್ದುಕೊಂಡಿದ್ದನ್ನ ಇಬ್ಬರೂ ವಾಪಸ್ ಕೊಟ್ಟರು. 1792ರಲ್ಲಿ ಶ್ರೀರಂಗಪಟ್ಟಣ. ಅಲ್ಲಿ ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳನ್ನ ಒತ್ತೆ ಕೊಡಬೇಕಾಯ್ತು. ಈಗ ಇಸವಿ ಬಾಯಿಪಾಠ ಮಾಡು, ನಿಲ್ಲುತ್ತೆ.”

ಆಮೇಲೆ ಚೀಟಿಯ ಲೆಕ್ಕ ಹೇಳಿಕೊಟ್ಟೆ. ದಪ್ಪ ಕಾಗದ ಕತ್ತರಿಸಿ ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಮೂರು ಖಾಲಿ ಡಬ್ಬಿ. ಹೊಸ ಚೀಟಿಯೆಲ್ಲ ಮೊದಲನೇ ಡಬ್ಬಿಗೆ, ಅದನ್ನ ದಿನಾ ತೆಗೀಬೇಕು. ಸರಿಯಾಗಿ ಹೇಳಿದ ಚೀಟಿ ಎರಡನೇದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಬಂದರೆ ಮೂರನೇದಕ್ಕೆ, ಅದು ಹತ್ತು ದಿನಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲನೇ ಡಬ್ಬಿಗೆ. ಉತ್ತರ ಬಾಯಲ್ಲಿ ಹೇಳಿದ ಮೇಲೇ ಚೀಟಿ ತಿರುಗಿಸಬೇಕು. ಮೊದಲೇ ತಿರುಗಿಸಿ “ಹೌದು, ಗೊತ್ತಿತ್ತು” ಅಂದುಕೊಂಡರೆ ಇಡೀ ಲೆಕ್ಕ ಕೆಡುತ್ತೆ.

“ಹತ್ತೇ ದಿನ ಯಾಕೆ ಸಾರ್?”

ಒಳ್ಳೆ ಪ್ರಶ್ನೆ. ಅಂತರ ಎಷ್ಟಿರಬೇಕು ಅನ್ನೋದು ಪರೀಕ್ಷೆ ಎಷ್ಟು ದೂರ ಇದೆ ಅನ್ನೋದರ ಮೇಲಿದೆ. ಸೆಪೇಡ ಮತ್ತು ಸಂಗಡಿಗರು 2008ರಲ್ಲಿ ಸಾವಿರಕ್ಕೂ ಹೆಚ್ಚು ಜನರಲ್ಲಿ ಇದನ್ನ ಪರೀಕ್ಷಿಸಿದರು. ವಾರಕ್ಕೆ ಕೇಳೋದಾದರೆ ಒಂದು ದಿನ ಬಿಟ್ಟು, ಐದು ವಾರಕ್ಕೆ ಕೇಳೋದಾದರೆ ಸುಮಾರು 11 ದಿನ ಬಿಟ್ಟು ಓದಿದ್ದು ಚೆನ್ನಾಗಿ ಉಳಿದಿತ್ತು. ಅಂತರ ತೀರಾ ಜಾಸ್ತಿ ಆದರೂ ನಷ್ಟವೇ. ಪೂರ್ತಿ ಮರೆತದ್ದನ್ನ ಮೊದಲಿಂದ ಕಲೀಬೇಕಾಗುತ್ತೆ.

“ಅಂದ್ರೆ ಗಣಿತಕ್ಕೂ ಚೀಟಿ ಮಾಡ್ಲಾ?”

“ಸೂತ್ರಕ್ಕೆ ಮಾಡು. ಲೆಕ್ಕಕ್ಕೆ ಬೇಡ. ಲೆಕ್ಕದ ಉತ್ತರ ಬಾಯಿಪಾಠ ಆದ್ರೆ ಅಂಕಿ ಬದಲಾಯಿಸಿ ಕೊಟ್ಟಾಗ ಕೈ ನಿಂತುಹೋಗುತ್ತೆ. ಅದಕ್ಕೂ ಬಿಡುವು ಬೇಕು, ಆದ್ರೆ ಪ್ರತಿ ಸಲ ಹೊಸ ಲೆಕ್ಕ ಇರ್ಬೇಕು.”

ತಾಯಿ ಒಳಗೆ ಹೋಗಿ ಮೂರು ಖಾಲಿ ಸಿಹಿ ಡಬ್ಬಿ ತಂದು ಗೋಡೆ ಮೇಲಿಟ್ಟರು. ಹುಡುಗಿ ಮೊದಲ ಚೀಟಿಯಲ್ಲಿ ಬರೆದ ಪ್ರಶ್ನೆ: ಯಾವ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಯಾವ ಇಸವಿ?