ನಕಲಿಗಳಿವೆ, ಎಚ್ಚರಿಕೆ!

ಬಂಡೀಪುರ, ಮುದುಮಲೆ ದಾಟಿ ಬರುವ ಕರ್ನಾಟಕದ ಕಾರುಗಳಿಗೆ ಗೂಡಲೂರಿನ ಅಂಗಡಿಗಳು ಕನ್ನಡದಲ್ಲೇ ಕೈಬೀಸುತ್ತವೆ. ನೀಲಗಿರಿ ಎಣ್ಣೆ, ಚಹಾಪುಡಿ, ವರ್ಕಿ. ಭಾಷಾಪ್ರೇಮ ಎಂದು ಹಿಗ್ಗಬೇಡಿ. ಗಿರಾಕಿಪ್ರೇಮ.

ಪರಿಚಯದ ಅಂಗಡಿಯವರೊಬ್ಬರ ಎಣ್ಣೆ ಬಾಟಲಿಯ ಮೇಲೆ ಕೆಂಪಕ್ಷರದಲ್ಲಿದೆ: ‘ನಕಲಿಗಳಿವೆ, ಎಚ್ಚರಿಕೆ!’ ಪಕ್ಕದಂಗಡಿಯವನು ತಮ್ಮ ಲೇಬಲ್ ಕದ್ದನೆಂದು ಅವರು ಕೆಂಡ. ಪುರಾವೆ ತೋರಿಸಲು ನನ್ನನ್ನು ಆ ಲೇಬಲ್ ಮಾಡಿಸಿದ ಡಿಟಿಪಿ ಅಂಗಡಿಗೆ ಎಳೆದೊಯ್ದರು.

ಕಂಪ್ಯೂಟರಿನಲ್ಲಿ ಆ ಕೆಂಪಕ್ಷರದ ಫಾಂಟ್ ಫೈಲ್ ಕಂಡಿತು. ಹೆಸರಿನ ಬಾಲದಲ್ಲೇ `PersonalUse` ಎಂದಿತ್ತು. ಅಂದರೆ ಮನೆ ಮದುವೆಯ ಕರೆಯೋಲೆಗೆ ಬಳಸಿಕೋ, ಮಾರುವ ಬಾಟಲಿಗೆ ಬೇಡ. ಕಳ್ಳತನದ ವಿರುದ್ಧದ ಎಚ್ಚರಿಕೆಯನ್ನೇ ಕದ್ದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

‘ಕನ್ನಡ ಅಕ್ಷರಕ್ಕೂ ಓನರ್ ಇದ್ದಾರಾ ಸಾರ್?’ ಅಂದರು.

ಅಕ್ಷರಕ್ಕಿಲ್ಲ. ಒತ್ತು, ದೀರ್ಘ, ಕೊಂಬು ಸರಿಯಾಗಿ ಕೂರಲೆಂದು ತಿಂಗಳುಗಟ್ಟಲೆ ಕಣ್ಣು ಸವೆಸಿ ಯಾರೋ ಮಾಡಿದ ಫೈಲಿಗೆ ಇದ್ದಾರೆ. ನಿಮ್ಮ ಎಣ್ಣೆಗೆ ನೀವಿಲ್ಲವೇ?

ಡಿಟಿಪಿ ಹುಡುಗ ಬುದ್ಧಿವಂತ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, `Properties` ಒಳಗಿನ `Details` ತೆರೆದು, `Font embeddability` ಎದುರು `Installable` ಎಂದಿದ್ದನ್ನು ತೋರಿಸಿದ. ‘ನೋಡಿ, ಪರ್ಮಿಶನ್ ಇದೆ!’ ಇಲ್ಲಪ್ಪ. ಅದು ಫಾಂಟನ್ನು ಡಾಕ್ಯುಮೆಂಟಿನೊಳಗೆ ಸೇರಿಸಿ ಕಳಿಸಬಹುದೇ ಎಂಬುದಕ್ಕೆ ಉತ್ತರ. ಮಾರುವ ಸರಕಿನ ಮೇಲೆ ಹಾಕಬಹುದೇ ಎಂಬುದು ಲೈಸೆನ್ಸಿನಲ್ಲಿ ಇರುತ್ತದೆ. ಅದೇ ಪಟ್ಟಿಯಲ್ಲಿ ಕಾಪಿರೈಟಿನ ಸಾಲಿತ್ತು. ಫಾಂಟ್ ಬಂದ ಜಿಪ್ ಒಳಗೆ ಲೈಸೆನ್ಸಿನ ಪುಟ್ಟ ಟೆಕ್ಸ್ಟ್ ಫೈಲೂ ಇತ್ತು. ಅದನ್ನು ತೆರೆದವರಿಲ್ಲ. ಓದಲು ಎರಡು ನಿಮಿಷ ಸಾಕು. ಕೆಂಪು ಬಣ್ಣ ಆರಿಸಲು ಇವರು ಅರ್ಧ ದಿನ ಕಳೆದಿದ್ದರು.

ದುಡ್ಡು ಕೊಟ್ಟು ಕೊಂಡ ಫಾಂಟಿನ ಲೈಸೆನ್ಸನ್ನೂ ಓದಲೇಬೇಕು. ಲೇಬಲ್ಲಿಗೆ ಒಪ್ಪುವ ಕೆಲವು ಲೈಸೆನ್ಸುಗಳು, ಅಕ್ಷರವೇ ಸರಕಾಗುವ ಟೀಶರ್ಟು, ಮಗ್ಗುಗಳಿಗೆ ಬೇರೆ ಶುಲ್ಕ ಕೇಳುತ್ತವೆ. ಫಾಂಟ್ ಫೈಲನ್ನೇ ಅಚ್ಚುಮನೆಗೆ ದಾಟಿಸುವುದಕ್ಕೂ ಹಲವು ಲೈಸೆನ್ಸುಗಳಲ್ಲಿ ತಡೆಯಿದೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕಳಿಸಬೇಕು.

ತಮಾಷೆಯೆಂದರೆ ಕದಿಯುವ ಅಗತ್ಯವೇ ಇರಲಿಲ್ಲ. ನೋಟೋ ಸಾನ್ಸ್ ಕನ್ನಡ ಇದೆ, ಏಕ್ ಟೈಪ್‌ನವರ ಅನೇಕ್ ಕನ್ನಡ ಇದೆ. ಎರಡೂ ಓಪನ್ ಫಾಂಟ್ ಲೈಸೆನ್ಸಿನವು. ಬಾಟಲಿಗೆ ಹಾಕಿ, ಮಾರಿ, ಕಾಸು ಕೇಳುವವರಿಲ್ಲ. ಲೇಬಲ್ಲಿನಲ್ಲಿ ಅವರ ಹೆಸರೂ ಹಾಕಬೇಕಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರಬಾರದು, ಇನ್ನೊಬ್ಬರಿಗೆ ಕೊಟ್ಟರೆ ಜೊತೆಗೆ ಕಾಪಿರೈಟಿನ ಸಾಲು, ಲೈಸೆನ್ಸ್ ಇರಬೇಕು. ಲೇಬಲ್ ಮಾಡಿಸುವವನಿಗೆ ಅಷ್ಟೇ ಕಟ್ಟುಪಾಡು.

ಹುಡುಗ ಅಲ್ಲೇ ಅನೇಕ್ ಇಳಿಸಿ ಹಾಕಿ ತೋರಿಸಿದ. ಚೆನ್ನಾಗಿಯೇ ಕಂಡಿತು. ‘ಮುಂದಿನ ಸಲ ನೋಡೋಣ. ಹಳೇ ಲೇಬಲ್ ಐದು ಸಾವಿರ ಇದೆ, ಖಾಲಿಯಾಗಲಿ’ ಅಂದರು ಯಜಮಾನರು.

ಆಮೇಲೆ ನನ್ನತ್ತ ತಿರುಗಿದರು. ‘ಬನ್ನಿ ಸಾರ್, ಪಕ್ಕದಂಗಡಿ ಕಳ್ಳನಿಗೆ ಒಂದು ಖಾರವಾದ ನೋಟಿಸ್ ಬರೆದುಕೊಡಿ. ಆ ಕೆಂಪಕ್ಷರದ ಫಾಂಟಲ್ಲೇ ಟೈಪ್ ಮಾಡಿಸೋಣ, ಎದ್ದು ಕಾಣುತ್ತೆ.’