ಕಾಗೆ ತರಲ್ಲ

ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಮಾತನ್ನು ಕನ್ನಡ ಅಕ್ಷರವಾಗಿಸುವ ಸೌಲಭ್ಯ 2017ರಲ್ಲಿ ಬಂತು. ಮೈಕ್ ಒತ್ತುವ ಮುನ್ನ ಭಾಷೆ ನೋಡಿಕೊಳ್ಳಬೇಕು. ಅಹಮದಾಬಾದಿನ ಚಾಂದ್‌ಖೇಡಾದ ಕನ್ನಡ ಮನೆಗಳಲ್ಲಿ ಹಾಲಿನವನಿಗೆ ಗುಜರಾತಿಯಲ್ಲಿ ಕಳಿಸಿದ ಸಂದೇಶದ ಗುಂಗಿನಲ್ಲೇ ಫೋನ್ ಉಳಿದಿದ್ದರೆ, ಅತ್ತೆಗೆ ಆಡಿದ ಕನ್ನಡ ಗುಜರಾತಿ ಲಿಪಿಯಲ್ಲಿ ಮೂಡುತ್ತದೆ. ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದು ಕನ್ನಡ ಆರಿಸಿದರೆ ಆ ಕಾಟ ಮುಗಿಯಿತು.

ಮುಂದಿನದು ಅಷ್ಟು ಸುಲಭವಲ್ಲ. ಸೊಸೆ ಮೈಸೂರಿನ ಅತ್ತೆಗೆ, "ಅತ್ತೆ, ಚಾಂದ್‌ಖೇಡಾದಿಂದ ಖಾಕ್ರಾ ತರಲಾ?" ಎನ್ನುತ್ತಾಳೆಂದುಕೊಳ್ಳಿ. ತೆರೆಯ ಮೇಲೆ, "ಅತ್ತೆ ಚಂದ ಕೆಡದಂತೆ ಕಾಗೆ ತರಲ್ಲ" ಎಂದು ಬರಬಹುದು. ಯಂತ್ರ ಕೇಳಿದ ಸದ್ದಿಗೆ ತನಗೆ ಹೆಚ್ಚು ಪರಿಚಿತವಾದ ಪದವನ್ನೇ ಹೊಂದಿಸುತ್ತದೆ. ಗುಜರಾತಿನ ಊರು, ತಿಂಡಿಗಿಂತ ಕಾಗೆಯೇ ಅದಕ್ಕೆ ಹತ್ತಿರದ ನೆಂಟ.

ಕಾಗೆ ಮಾತ್ರ ನಿರಪಾಯಕಾರಿ, ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಅಪಾಯವಿರುವುದು "ತರಲ್ಲ"ದಲ್ಲಿ. ಅದು ಶುದ್ಧ ಕನ್ನಡ, ಕಣ್ಣು ಜಾರಿ ಮುಂದೆ ಹೋಗುತ್ತದೆ. ಆದರೆ ಪ್ರಶ್ನೆ ಹೋಗಿ ನಿರಾಕರಣೆಯಾಗಿದೆ. ಪ್ರಶ್ನಾರ್ಥಕ ಚಿಹ್ನೆಯೂ ಬಿದ್ದಿಲ್ಲದಿದ್ದರೆ ಅತ್ತೆಗೆ ಸುಳಿವೇ ಸಿಗದು.

ಆದ್ದರಿಂದ ತಿದ್ದುವಾಗ ಮೊದಲು ವಾಕ್ಯದ ಕೊನೆಯ ಕ್ರಿಯಾಪದ, ಆಮೇಲೆ ಹೆಸರುಗಳು. ತಪ್ಪಿದ ಪದವೊಂದನ್ನೇ ಅಳಿಸಿ ಕೈಯಿಂದ ಬರೆಯುವುದು ಉತ್ತಮ. ಇಡೀ ವಾಕ್ಯವನ್ನು ಜೋರಾಗಿ ಮತ್ತೆ ಹೇಳಿದರೆ ಕಾಗೆ ಹಾರಿಹೋಗಿ ಕಾಕಾ ಬಂದು ಕೂರಬಹುದು.